ಶೇ. 95 ನಿಖರತೆ ಇದ್ದರೆ ಸಾಕೇ?

ಪ್ರಶ್ನೆ: ವಂಚನೆ ಪತ್ತೆಗೆ ನಾನು ತಯಾರಿಸಿದ ಮಾದರಿ ಶೇ. 95 ನಿಖರತೆ ತೋರಿಸುತ್ತಿದೆ. ಅದು ಒಳ್ಳೆಯದೆಂದು ನಂಬಬಹುದೇ?

ಉತ್ತರ: ಆ ಒಂದು ಅಂಕಿಯಿಂದ ಹೇಳಲಾಗದು. ಯುರೋಪಿನ ಗ್ರಾಹಕರ ಕ್ರೆಡಿಟ್ ಕಾರ್ಡ್ ವಹಿವಾಟುಗಳ ಪ್ರಸಿದ್ಧ ದತ್ತಾಂಶವೊಂದಿದೆ, 2013ರ ಸೆಪ್ಟೆಂಬರಿನದು. ಅದರ 2,84,807 ವಹಿವಾಟುಗಳಲ್ಲಿ ವಂಚನೆ 492 ಮಾತ್ರ. ಏನನ್ನೂ ನೋಡದೆ ‘ಎಲ್ಲವೂ ಸರಿ’ ಎಂದುಬಿಟ್ಟರೂ ತಪ್ಪುವುದು 492 ಸಲ, ನಿಖರತೆ ಶೇ. 99.8! ಇಲ್ಲಿ ಶೇ. 95 ಎಂದರೆ ಸುಮಾರು 14,240 ತಪ್ಪು.

ಹಾಗೆಂದು ಶೇ. 95ರ ಮಾದರಿಯನ್ನು ಕಸಕ್ಕೆ ಹಾಕಬೇಕಿಲ್ಲ. ಅದು 400 ವಂಚನೆ ಹಿಡಿದು, 92 ಬಿಟ್ಟು, 14,148 ಪ್ರಾಮಾಣಿಕ ವಹಿವಾಟುಗಳನ್ನು ಶಂಕಿಸಿರಬಹುದು. ಆಗ ಐದರಲ್ಲಿ ನಾಲ್ಕು ವಂಚನೆ ಸಿಕ್ಕಂತೆ, ಆದರೆ ಸುಮಾರು 36 ಎಚ್ಚರಿಕೆಗೆ ಒಂದು ಮಾತ್ರ ನಿಜ. ಎಚ್ಚರಿಕೆ ಬಂದಾಗ ಗ್ರಾಹಕರಿಗೆ ಎಸ್ಸೆಮ್ಮೆಸ್ ಕಳಿಸಿ ಕೇಳುವುದಾದರೆ ಇದು ಸಹ್ಯ. ಕಾರ್ಡನ್ನೇ ತಡೆಹಿಡಿಯುವುದಾದರೆ ಖಂಡಿತ ಅಲ್ಲ. ಅದೇ ಶೇ. 95ರಲ್ಲಿ ಒಂದೂ ವಂಚನೆ ಹಿಡಿಯದ ಮಾದರಿಯೂ ಅಡಗಿರಬಹುದು.

ಆದ್ದರಿಂದ ತರಬೇತಿಗೆ ಬಳಸದ ದತ್ತಾಂಶದ ಮೇಲೆ ಇದನ್ನು ಓಡಿಸಿ:

```
confusion_matrix(y_test, y_pred)
```

ವಂಚನೆಗೆ 1 ಎಂದು ಗುರುತಿಟ್ಟಿದ್ದರೆ ಎರಡನೆಯ ಸಾಲು ಬಿಟ್ಟದ್ದೆಷ್ಟು, ಹಿಡಿದದ್ದೆಷ್ಟು ಎಂದು ತೋರಿಸುತ್ತದೆ. ಮೊದಲು ಆ ಸಾಲನ್ನೇ ನೋಡಿ.