ನಾಲ್ಕು ತಾಲೂಕಿನ ನೀರು, ಒಂದೇ ಅಳತೆ

ಕೊಪ್ಪಳ ಜಿಲ್ಲೆಯಲ್ಲಿ ನೀರಿನ ಗುಣ ತಾಲೂಕಿನಿಂದ ತಾಲೂಕಿಗೆ ಬದಲಾಗುತ್ತದೆ. ಗಂಗಾವತಿಯ ಭತ್ತದ ಗದ್ದೆಗಳಿಗೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿದೆ. ಕುಷ್ಟಗಿ, ಯಲಬುರ್ಗಾ ಕಡೆಯ ಎಷ್ಟೋ ಊರುಗಳು ಬೋರ್‌ವೆಲ್ ನಂಬಿ ಬದುಕಿದವು, ಅಲ್ಲಿ ಬಂಡೆಯಿಂದ ಕರಗಿ ಬಂದ ಫ್ಲೋರೈಡ್ ಹಲವೆಡೆ ಮಿತಿ ಮೀರಿದೆ. ನಾಲ್ವರು ವಿದ್ಯಾರ್ಥಿಗಳು ತಮ್ಮ ತಮ್ಮ ತಾಲೂಕಿನ ನೀರು ಪರೀಕ್ಷಿಸಿ, ತಲಾ ಐದಾರು ಸ್ಲೈಡ್ ಮಾಡಿ ತಂದಿದ್ದಾರೆ ಎಂದುಕೊಳ್ಳೋಣ. ಅವನ್ನು ಒಂದಾಗಿಸುವುದು ಹೇಗೆ?

ಮೊದಲು ನೋಡಬೇಕಾದದ್ದು ಬಣ್ಣವಲ್ಲ, ಗ್ರಾಫಿನ ಅಳತೆ. ಗಂಗಾವತಿಯ ಫ್ಲೋರೈಡ್ ಸರಾಸರಿ ಲೀಟರಿಗೆ 0.4 ಮಿಲಿಗ್ರಾಂ, ಕುಷ್ಟಗಿಯದು 2.4 ಎಂದಿರಲಿ. ಸಾಫ್ಟ್‌ವೇರ್ ತಾನಾಗಿಯೇ ಮೊದಲನೆಯದಕ್ಕೆ 0.5ರವರೆಗೆ, ಎರಡನೆಯದಕ್ಕೆ 3ರವರೆಗೆ ಅಳತೆ ಹಾಕಿಬಿಟ್ಟರೆ ಎರಡೂ ಕಂಬಗಳು ಒಂದೇ ಎತ್ತರಕ್ಕೆ ನಿಲ್ಲುತ್ತವೆ! ಆರು ಪಟ್ಟು ವ್ಯತ್ಯಾಸ ನೋಡುವವರ ಕಣ್ಣಿಗೆ ಬೀಳುವುದೇ ಇಲ್ಲ. ಯಲಬುರ್ಗಾದವರು ಮೈಕ್ರೋಗ್ರಾಂನಲ್ಲಿ 1800 ಎಂದು ಬರೆದಿದ್ದರೆ ಗೊಂದಲ ಇನ್ನೂ ಹೆಚ್ಚು, ಅದು 1.8 ಮಿಲಿಗ್ರಾಂ ಅಷ್ಟೇ. ಆದ್ದರಿಂದ ಚಿತ್ರಗಳನ್ನು ಅಂಟಿಸದೆ, ಮೂಲ ಅಂಕಿಗಳನ್ನು ಒಂದೇ ಕೋಷ್ಟಕಕ್ಕೆ ತಂದು ಒಂದೇ ಗ್ರಾಫ್ ಬರೆಯಬೇಕು. ಕುಡಿಯುವ ನೀರಿನ ಭಾರತೀಯ ಮಾನದಂಡದ ಎರಡು ಮಿತಿಗಳನ್ನೂ, ಅಂದರೆ 1.0 ಮತ್ತು 1.5 ಮಿಲಿಗ್ರಾಂ, ಅಡ್ಡಗೆರೆಯಾಗಿ ಎಳೆಯಬೇಕು. ಒಬ್ಬರು ಮೂರು ಬೋರ್‌ವೆಲ್, ಇನ್ನೊಬ್ಬರು ಹನ್ನೆರಡು ನೋಡಿದ್ದರೆ ಆ ಸಂಖ್ಯೆ ಪ್ರತಿ ಕಂಬದ ಕೆಳಗೆ ಇರಲೇಬೇಕು. ಅಂದದ ಏಕರೂಪ ಈ ಅಂತರವನ್ನು ಮುಚ್ಚಿಬಿಡುವ ಅಪಾಯವಿದೆ.

ಆಮೇಲೆ ವಿನ್ಯಾಸ. ಪವರ್‌ಪಾಯಿಂಟ್‌ನಲ್ಲಿ `View > Slide Master` ತೆರೆದು ಶೀರ್ಷಿಕೆಯ ಜಾಗ, ಅಕ್ಷರದ ಗಾತ್ರ, ಬಣ್ಣ ಒಮ್ಮೆ ನಿಗದಿ ಮಾಡಿದರೆ ಎಲ್ಲ ಸ್ಲೈಡಿಗೂ ಅನ್ವಯಿಸುತ್ತದೆ. ಬೇರೆ ಕಡತದಿಂದ ಸ್ಲೈಡ್ ಅಂಟಿಸುವಾಗ `Use Destination Theme` ಆರಿಸಬೇಕು. ಅಕ್ಷರದ ಗಾತ್ರವನ್ನು ಒಬ್ಬರು ಕೈಯಾರೆ ಬದಲಿಸಿದ್ದರೆ ಅದು ಹಾಗೇ ಉಳಿದೀತು. ಆಗ `Reset` ಒತ್ತಬೇಕು. ಹಳೆಯ ನುಡಿ ಫಾಂಟಿನಲ್ಲಿ ಬರೆದದ್ದು ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ `PÉÆ¥Àà¼À` ಎಂದು ಕಂಡರೆ, ಅದೇ ನಮ್ಮ ಕೊಪ್ಪಳ. ಫಾಂಟ್ ಬದಲಿಸಿದರೆ ಇದು ಸರಿಹೋಗದು, ಪಠ್ಯವನ್ನೇ ಯೂನಿಕೋಡ್‌ಗೆ ಪರಿವರ್ತಿಸಬೇಕು.

ಮಾತಿನ ಹಂಚಿಕೆಯಲ್ಲಿ ತಾಲೂಕಿಗೊಬ್ಬರಂತೆ ನಿಂತರೆ ಪರೀಕ್ಷಾ ವಿಧಾನವನ್ನು ನಾಲ್ಕು ಸಲ ಕೇಳಬೇಕಾಗುತ್ತದೆ. ಅದರ ಬದಲು ವಿಷಯವನ್ನು ಹಂಚಿಕೊಳ್ಳಬೇಕು. ಹತ್ತು ನಿಮಿಷ ಸಿಕ್ಕಿದರೆ ತಲಾ ಎರಡು ನಿಮಿಷ ಮಾತು, ಉಳಿದ ಎರಡು ಅದಲುಬದಲಿಗೆ ಮತ್ತು ತಡಕ್ಕೆ. ಕೊಪ್ಪಳದವಳು ಪ್ರಶ್ನೆ ಮತ್ತು ನಕ್ಷೆ, ಗಂಗಾವತಿಯವನು ಪರೀಕ್ಷಾ ವಿಧಾನ, ಕುಷ್ಟಗಿಯವಳು ಗ್ರಾಫ್, ಯಲಬುರ್ಗಾದವನು ಕಾರಣ ಮತ್ತು ಮಿತಿಗಳು. ನಿಮಿಷ ಸಮವಾದರೆ ಸಾಲದು. ಸ್ವಾಗತ, ಧನ್ಯವಾದ ಮಾತ್ರ ಒಬ್ಬರ ಪಾಲಿಗೆ ಬಂದರೆ ಅದು ಅನ್ಯಾಯವೇ. ಪ್ರಶ್ನೋತ್ತರದಲ್ಲಿ ಮಾತ್ರ ಯಾವ ಊರಿನ ಬೋರ್‌ವೆಲ್ ಬಗ್ಗೆ ಕೇಳಿದರೋ, ಆ ನೀರನ್ನು ಬಾಟಲಿಗೆ ತುಂಬಿ ತಂದವರೇ ಉತ್ತರಿಸಲಿ.