ಕರಗುವ ಪದಗಳ ಕರಗದ ಮೊತ್ತ

11ರಿಂದ 20ರವರೆಗಿನ ಹತ್ತು ಸಂಖ್ಯೆಗಳನ್ನು ತೆಗೆದುಕೊಂಡು 1/11 + 1/12 + … + 1/20 ಎಂದು ಕೂಡಿದರೆ ಸುಮಾರು 0.6688 ಬರುತ್ತದೆ. 101ರಿಂದ 200ರವರೆಗೆ ಹೀಗೆಯೇ ಕೂಡಿದರೆ 0.6907. ಈ ಲೆಕ್ಕದ ಸಾಮಾನ್ಯ ರೂಪ ಹೀಗಿದೆ:

1/(n+1) + 1/(n+2) + … + 1/(2n)

n ಬೆಳೆದಂತೆ ಇದು ಎಲ್ಲಿಗೆ ಮುಟ್ಟುತ್ತದೆ? ಒಂದೊಂದು ಪದವೂ ಸೊನ್ನೆಯತ್ತ ಸಾಗುವುದರಿಂದ ಮೊತ್ತವೂ ಸೊನ್ನೆ ಎಂದು ಬರೆದುಬಿಡುವವರು ಬಹಳ. ಆದರೆ ಪದಗಳು ಚಿಕ್ಕದಾಗುತ್ತಿರುವಾಗಲೇ ಅವುಗಳ ಸಂಖ್ಯೆ ಹೆಚ್ಚುತ್ತಿದೆ. ಇಲ್ಲಿರುವುದು n ಪದಗಳು. ಯಾವುದೂ 1/(2n)ಗಿಂತ ಕಡಿಮೆಯಿಲ್ಲ. ಹಾಗಾಗಿ ಮೊತ್ತ ಎಂದೂ ಅರ್ಧಕ್ಕಿಂತ ಕೆಳಗಿಳಿಯದು.

ನಿಖರ ಉತ್ತರ ಬೇಕಿದ್ದರೆ k-ನೆಯ ಪದವನ್ನು ನೋಡಬೇಕು. ಅದು 1/(n+k). ಛೇದದಿಂದ n ಹೊರತೆಗೆದರೆ:

1/(n+k) = (1/n) · 1/(1 + k/n)

ಈಗ ಚಿತ್ರ ಬಿಡಿಸಿಕೊಳ್ಳಿ. 0ಯಿಂದ 1ರವರೆಗಿನ ಗೆರೆಯನ್ನು n ಸಮಭಾಗ ಮಾಡಿದರೆ ಪ್ರತಿ ಭಾಗದ ಅಗಲ 1/n, k-ನೆಯ ಭಾಗದ ಬಲತುದಿ k/n. ಆ ತುದಿಯಲ್ಲಿ y = 1/(1+x) ವಕ್ರರೇಖೆಯ ಎತ್ತರ 1/(1 + k/n). ಅಂದರೆ ನಮ್ಮ ಪದ ಒಂದು ಸಪೂರ ಆಯತದ ವಿಸ್ತೀರ್ಣ. ಮೊತ್ತವೆಂದರೆ ಅಂಥ n ಆಯತಗಳ ಒಟ್ಟು ವಿಸ್ತೀರ್ಣ. ಇದನ್ನೇ ರೀಮಾನ್ ಮೊತ್ತ ಎನ್ನುತ್ತಾರೆ. n ಹೆಚ್ಚಿದಷ್ಟೂ ಆಯತಗಳು ಸಪೂರವಾಗಿ, ಕೊನೆಗೆ ವಕ್ರರೇಖೆಯ ಕೆಳಗಿನ ವಿಸ್ತೀರ್ಣವೇ ಮಿತಿಯಾಗುತ್ತದೆ. k/n ಇದ್ದಲ್ಲಿ x, 1/n ಇದ್ದಲ್ಲಿ dx ಬರೆದರಾಯಿತು:

∫₀¹ dx/(1+x) = ln 2 ≈ 0.6931

ವಕ್ರರೇಖೆ ಇಳಿಮುಖವಾಗಿರುವುದರಿಂದ ಬಲತುದಿಯ ಎತ್ತರ ಹಿಡಿದ ಆಯತ ರೇಖೆಯ ಕೆಳಗೇ ಉಳಿಯುತ್ತದೆ. 0.6688, 0.6907 ಎರಡೂ 0.6931ಕ್ಕಿಂತ ಕಡಿಮೆಯಿರುವುದು ಅದಕ್ಕೇ.

ಅನುಕಲದ ಎಲ್ಲೆಗಳನ್ನು k/n ನೋಡಿಯೇ ನಿರ್ಧರಿಸಬೇಕು. ಮೊದಲ ಪದದಲ್ಲಿ ಅದು 1/n, ಅಂದರೆ ಸೊನ್ನೆಯತ್ತ; ಕೊನೆಯದರಲ್ಲಿ n/n, ಅಂದರೆ 1. ಮೊತ್ತ 1/(3n)ವರೆಗೆ ಹೋಗಿದ್ದರೆ k ಎಂಬುದು 2nವರೆಗೆ ಓಡುತ್ತದೆ, ಮೇಲಿನ ಎಲ್ಲೆ 2 ಆಗುತ್ತದೆ, ಉತ್ತರ ln 3. ಅಭ್ಯಾಸಬಲದಿಂದ ಇಲ್ಲೂ 1 ಎಂದು ಬರೆದರೆ ಲೆಕ್ಕ ತಪ್ಪುತ್ತದೆ.

ಈ ದಾರಿ ಎಲ್ಲ ಮೊತ್ತಕ್ಕೂ ಒಗ್ಗುವುದಿಲ್ಲ. 1/n ಹೊರತೆಗೆದ ಮೇಲೆ ಉಳಿದದ್ದರಲ್ಲಿ k ಮತ್ತು n ಬರೀ k/n ಎಂಬ ಜೋಡಿಯಾಗಿಯೇ ಇರಬೇಕು. 1/√(n²+k²) ಪದಗಳನ್ನು k = 1ರಿಂದ nವರೆಗೆ ಕೂಡುವಾಗ ಹಾಗೆಯೇ ಆಗುತ್ತದೆ; ಮಿತಿ ln(1+√2). ಆದರೆ 1/√(n²+k) ಇದ್ದರೆ ಒಳಗೆ k/n² ಉಳಿದುಬಿಡುತ್ತದೆ, ಅದನ್ನು x ಎನ್ನಲಾಗದು. ಅಲ್ಲಿ ಅನುಕಲವನ್ನು ಬಿಟ್ಟು ಮೊತ್ತವನ್ನು ಎರಡು ಕಡೆಯಿಂದ ಒತ್ತಬೇಕು: ಅದು n/√(n²+n)ಗಿಂತ ಕಡಿಮೆಯಾಗದು, n/√(n²+1)ಗಿಂತ ಹೆಚ್ಚಾಗದು. ಎರಡೂ 1ರತ್ತ ಸಾಗುವುದರಿಂದ ಉತ್ತರವೂ 1.