ಐಆರ್‌ಆರ್‌ ಸಾಲು ಎಣಿಸುತ್ತದೆ, ಎಕ್ಸ್‌ಐಆರ್‌ಆರ್‌ ದಿನ ಎಣಿಸುತ್ತದೆ

ತಪ್ಪು ಕಲ್ಪನೆ: ಎರಡೂ ಒಂದೇ ಲೆಕ್ಕ. ಉತ್ತರ ಬೇರೆ ಬಂದರೆ ಎಕ್ಸೆಲ್‌ನಲ್ಲಿ ಎಲ್ಲೋ ಎಡವಟ್ಟಾಗಿದೆ.

ಸತ್ಯ: ಎಡವಟ್ಟೇನೂ ಇಲ್ಲ. ಐಆರ್‌ಆರ್‌ಗೆ ನೀವು ಕೊಡುವುದು ಮೊತ್ತಗಳನ್ನು ಮಾತ್ರ. ಪಕ್ಕದ ಕಾಲಮ್ಮಿನಲ್ಲಿ ದಿನಾಂಕ ಬರೆದಿದ್ದರೂ ಅದು ನೋಡುವುದಿಲ್ಲ. ಒಂದು ಸಾಲಿನಿಂದ ಮುಂದಿನ ಸಾಲಿಗೆ ಒಂದು ಅವಧಿ ಎಂದುಕೊಳ್ಳುತ್ತದೆ, ಅಷ್ಟೆ.

ಒಬ್ಬರು 2023ರ ಜನವರಿ 1ರಂದು ಮ್ಯೂಚುವಲ್‌ ಫಂಡಿಗೆ 1 ಲಕ್ಷ ರೂಪಾಯಿ ಹಾಕಿದರು. ನವೆಂಬರ್‌ 1ರಂದು ಇನ್ನೊಂದು ಲಕ್ಷ. 2024ರ ಜನವರಿ 1ರಂದು ಎಲ್ಲ ಮಾರಿದಾಗ ಕೈಗೆ ಬಂದದ್ದು 2,12,000. ಹಾಕಿದ್ದಕ್ಕೆ ಮೈನಸ್‌ ಗುರುತು ಕೊಟ್ಟು, A ಕಾಲಮ್ಮಿನಲ್ಲಿ ದಿನಾಂಕ, B ಕಾಲಮ್ಮಿನಲ್ಲಿ ಮೊತ್ತ ತುಂಬಿಸಿ:

```
=IRR(B2:B4)          3.95%
=XIRR(B2:B4,A2:A4)   10.34%
```

ಮೊದಲ ಎರಡು ಸಾಲುಗಳ ನಡುವೆ 304 ದಿನ, ಕೊನೆಯ ಎರಡರ ನಡುವೆ ಬರೀ 61 ದಿನ. ಐಆರ್‌ಆರ್‌ ಎರಡನ್ನೂ ಒಂದೇ ಅಳತೆಯ ಅವಧಿ ಎಂದು ಎಣಿಸಿತು. ಹಾಗಾಗಿ 61 ದಿನವಷ್ಟೇ ಇದ್ದ ಎರಡನೆಯ ಲಕ್ಷ ಸುಮಾರು 3,950 ರೂಪಾಯಿ ದುಡಿಯಿತೆಂದು ಅದರ ಲೆಕ್ಕ. ಆ 3.95 ಶೇಕಡಾ ವರ್ಷದ್ದಲ್ಲ, ತಿಂಗಳದ್ದೂ ಅಲ್ಲ. ಅದಕ್ಕೆ ಅವಧಿಯ ಹೆಸರೇ ಇಲ್ಲ.

ಎಕ್ಸ್‌ಐಆರ್‌ಆರ್‌ ಪ್ರತಿ ಮೊತ್ತದ ದಿನಗಳನ್ನು 365ರಿಂದ ಭಾಗಿಸಿ ವರ್ಷದ ದರ ಹುಡುಕುತ್ತದೆ. ಕೈಯಲ್ಲೇ ತಾಳೆ ನೋಡಬಹುದು: ಶೇ. 10.34ರಂತೆ ಮೊದಲ ಲಕ್ಷ 365 ದಿನಕ್ಕೆ 1,10,340 ಆಗುತ್ತದೆ, ಎರಡನೆಯದು 61 ದಿನಕ್ಕೆ ಸುಮಾರು 1,01,658. ಕೂಡಿದರೆ 2,11,998. ಎರಡು ರೂಪಾಯಿಯ ಕೊರತೆ ದರವನ್ನು ದಶಾಂಶದ ಎರಡೇ ಸ್ಥಾನಕ್ಕೆ ನಿಲ್ಲಿಸಿದ್ದರಿಂದ.

ತಪ್ಪು ಕಲ್ಪನೆ: ಕಂತು ತಿಂಗಳು ತಿಂಗಳು ಸರಿಯಾಗಿ ಹೋಗಿದ್ದರೆ ಐಆರ್‌ಆರ್‌ ಅನ್ನು 12ರಿಂದ ಗುಣಿಸಿದರೆ ಸಾಕು.

ಸತ್ಯ: ತಿಂಗಳಿಗೆ ಶೇ. 1 ಬಂದರೆ ಗುಣಾಕಾರ 12 ಎನ್ನುತ್ತದೆ. ಎಕ್ಸ್‌ಐಆರ್‌ಆರ್‌ ಚಕ್ರಬಡ್ಡಿಯ ಲೆಕ್ಕ ಹಿಡಿಯುವುದರಿಂದ 12.68ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಫೆಬ್ರವರಿಗೂ ಮಾರ್ಚಿಗೂ ದಿನಗಳು ಬೇರೆಯಾದ್ದರಿಂದ ಕೂದಲೆಳೆಯಷ್ಟು ವ್ಯತ್ಯಾಸ ಆಮೇಲೂ ಉಳಿಯುತ್ತದೆ. ವರ್ಷಕ್ಕೊಮ್ಮೆ ಹಾಕಿದರೂ ಅಷ್ಟೆ: 2024ರ ಜನವರಿ 1ರ ಒಂದು ಲಕ್ಷ 2025ರ ಅದೇ ದಿನ 1,10,000 ಆದರೆ ಐಆರ್‌ಆರ್‌ 10, ಎಕ್ಸ್‌ಐಆರ್‌ಆರ್‌ 9.97. ಅಧಿಕ ವರ್ಷದ ಆ ಒಂದು ದಿನವನ್ನೂ ಅದು ಎಣಿಸಿರುತ್ತದೆ.

ತಪ್ಪು ಕಲ್ಪನೆ: ಹಾಗಿದ್ದರೆ ಎಕ್ಸ್‌ಐಆರ್‌ಆರ್‌ ತೋರಿಸಿದ್ದೇ ನನ್ನ ಗಳಿಕೆ.

ಸತ್ಯ: ಹಣ ಹಾಕಿ ವರ್ಷ ತುಂಬದಿದ್ದರೆ ಅಲ್ಲ. 90 ದಿನದಲ್ಲಿ ಶೇ. 5 ಏರಿದ ಹಣಕ್ಕೆ ಅದು 21.9 ಎಂದು ತೋರಿಸುತ್ತದೆ; ಅದೇ ಓಟ ವರ್ಷವಿಡೀ ನಡೆದರೆ ಎಂಬ ಊಹೆ ಅದರೊಳಗಿದೆ. ಒಂದು ಲಕ್ಷ ಹಾಕಿದವರ ಖಾತೆಯಲ್ಲಿ ಸದ್ಯಕ್ಕೆ ಹೆಚ್ಚಿರುವುದು 5,000 ರೂಪಾಯಿ.